ತಲೆಯೊಳಗಿನ ‘ಕ್ಯಾನ್ಸರ್ ಅಲ್ಲದ’ ಗಡ್ಡೆ: ಮೆನಿಂಜಿಯೋಮಾ ಮತ್ತು ಪಿಟ್ಯುಟರಿ ಗಡ್ಡೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆಯ ರೋಗಿಗಳು ಮತ್ತು ಅವರ ಮನೆಯವರು ಓಪಿಡಿಯಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿಟ್ಟಿದ್ದೇವೆ. ಮೊದಲ ರಿಪೋರ್ಟ್ ಕೈಗೆ ಬಂದ ದಿನದಿಂದ ಕಾಯುವುದೋ, ಗುಳಿಗೆಯೋ, ಆಪರೇಷನ್ನೋ ಎಂದು ತೀರ್ಮಾನವಾಗುವವರೆಗಿನ ದಾರಿಗೇ ಹೆಚ್ಚು ಜಾಗ ಕೊಟ್ಟಿದ್ದೇವೆ. ತಪ್ಪುಗಳು ಹೆಚ್ಚಾಗಿ ನಡೆಯುವುದು ಅಲ್ಲೇ.

## ರಿಪೋರ್ಟ್ ಕೈಗೆ ಬಂದಾಗ

ನಮ್ಮ ಅವ್ವಗ ತಲ್ಯಾಗ ಗಡ್ಡಿ ಅದಾ ಅಂದಾರ. ಕ್ಯಾನ್ಸರ್ ಏನ್ರಿ ಇದು?

ರಿಪೋರ್ಟಿನಲ್ಲಿ ಮೆನಿಂಜಿಯೋಮಾ ಅಥವಾ ಪಿಟ್ಯುಟರಿ ಅಡಿನೋಮಾ ಎಂದಿದ್ದರೆ, ಬಹುತೇಕ ಸಂದರ್ಭಗಳಲ್ಲಿ ಅಲ್ಲ. ಮೆನಿಂಜಿಯೋಮಾ ಮೆದುಳಿನಲ್ಲಿ ಹುಟ್ಟುವ ಗಡ್ಡೆಯೇ ಅಲ್ಲ. ಮೆದುಳಿಗೆ ಸುತ್ತಿಕೊಂಡಿರುವ ಪೊರೆಯಲ್ಲಿ ಹುಟ್ಟಿ, ಒಳಗಿನ ಮೆದುಳನ್ನು ಹೊರಗಿನಿಂದ ಒತ್ತುತ್ತದೆ. ಇದಕ್ಕೆ ಮೂರು ದರ್ಜೆಗಳಿವೆ. ಸುಮಾರು 80 ಶೇಕಡಾ ಒಂದನೇ ದರ್ಜೆಯವು, ನಿಧಾನವಾಗಿ ಬೆಳೆಯುವಂಥವು. ಎರಡನೇ ದರ್ಜೆಯವು ತೆಗೆದ ಮೇಲೂ ಮತ್ತೆ ಬರುವುದು ಹೆಚ್ಚು. ನಿಜಕ್ಕೂ ಕ್ಯಾನ್ಸರಿನಂತೆ ವರ್ತಿಸುವ ಮೂರನೇ ದರ್ಜೆಯವು ನೂರಕ್ಕೆ ಒಂದೆರಡು ಅಷ್ಟೇ. ದರ್ಜೆ ಖಚಿತವಾಗುವುದು ತೆಗೆದ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆ. ಸ್ಕ್ಯಾನ್ ಅಂದಾಜು ಮಾತ್ರ ಕೊಡುತ್ತದೆ.

ಪಿಟ್ಯುಟರಿ ಗ್ರಂಥಿ ಮೂಗಿನ ಬುಡದ ಹಿಂದೆ, ತಲೆಬುರುಡೆಯ ತಳದ ಒಂದು ಸಣ್ಣ ಗುಳಿಯಲ್ಲಿ ಕೂತಿರುತ್ತದೆ. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ ತೊಗರಿ ಕಾಳಿಗಿಂತ ದೊಡ್ಡದು, ಕಡಲೆ ಕಾಳಿನಷ್ಟು. ತೂಕ ಅರ್ಧ ಗ್ರಾಂ. ಥೈರಾಯ್ಡ್, ಅಡ್ರಿನಲ್, ಅಂಡಾಶಯ, ವೃಷಣ ಎಲ್ಲಕ್ಕೂ ಆಜ್ಞೆ ಹೋಗುವುದು ಇಲ್ಲಿಂದಲೇ. ಇಲ್ಲಿ ಬರುವ ಗಡ್ಡೆಗಳಲ್ಲಿ ದೇಹದ ಬೇರೆಡೆಗೆ ಹರಡುವಂಥವು ಬಹಳ ಅಪರೂಪ.

ಆದರೂ ‘ಕ್ಯಾನ್ಸರ್ ಅಲ್ಲ’ ಎಂದರೆ ‘ಅಪಾಯ ಇಲ್ಲ’ ಎಂದಲ್ಲ. ಹೊಟ್ಟೆಯಲ್ಲಿ ಗಡ್ಡೆ ಬೆಳೆದರೆ ಸರಿದುಕೊಳ್ಳಲು ಜಾಗ ಇರುತ್ತದೆ. ತಲೆಬುರುಡೆ ಹಿಗ್ಗುವುದಿಲ್ಲ. ಒಂದು ಸೆಂಟಿಮೀಟರ್ ಗಡ್ಡೆ ಹಣೆಯ ಮೇಲ್ಭಾಗದಲ್ಲಿದ್ದರೆ ಇಡೀ ಜೀವಮಾನ ಸುಮ್ಮನಿರಬಹುದು. ಅಷ್ಟೇ ಗಡ್ಡೆ ಕಣ್ಣಿನ ನರದ ಪಕ್ಕ ಇದ್ದರೆ ದೃಷ್ಟಿ ಹೋಗಬಹುದು. ಹಾಗಾಗಿ ‘ಗಾತ್ರ ಎಷ್ಟು’ ಎಂದು ಕೇಳುವುದಕ್ಕಿಂತ ಮೊದಲು ‘ಎಲ್ಲಿದೆ’ ಎಂದು ಕೇಳಿ.

ಬಯಾಪ್ಸಿಯೊಳಗ ‘ನ್ಯೂರೋಎಂಡೋಕ್ರೈನ್ ಟ್ಯೂಮರ್’ ಅಂತ ಬರದಾರ. ಮೊದಲು ಅಡಿನೋಮಾ ಅಂದಿದ್ರು. ಈಗ ಕ್ಯಾನ್ಸರ್ ಆತೇನು?

ಇಲ್ಲ, ಬದಲಾಗಿರುವುದು ಹೆಸರು ಮಾತ್ರ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರ್ಗೀಕರಣ ಪಿಟ್ಯುಟರಿ ಅಡಿನೋಮಾವನ್ನು ‘ಪಿಟ್ಯುಟರಿ ನ್ಯೂರೋಎಂಡೋಕ್ರೈನ್ ಟ್ಯೂಮರ್’ ಎಂದು ಕರೆಯುತ್ತದೆ. ಗಡ್ಡೆ ಅದೇ, ಚಿಕಿತ್ಸೆಯೂ ಅದೇ.

ಇದು ಯಾಕ ಬರ್ತದ? ನಮ್ಮ ತಂಗಿ ಮೂರು ತಿಂಗಳಿಗೊಮ್ಮೆ ಮಕ್ಕಳಾಗದ ಸೂಜಿ ಹಾಕಿಸ್ಕೊಂತಿದ್ಲು, ಅದರಿಂದ ಬಂತೇನು?

ಬಹಳ ಜನರಲ್ಲಿ ಕಾರಣ ಸಿಗುವುದಿಲ್ಲ. ಮೆನಿಂಜಿಯೋಮಾಕ್ಕೆ ಖಚಿತವಾಗಿ ಗೊತ್ತಿರುವ ಕಾರಣಗಳಲ್ಲಿ ಮುಖ್ಯವಾದವು ಎರಡು: ಬಾಲ್ಯದಲ್ಲಿ ತಲೆಗೆ ರೇಡಿಯೇಷನ್ ಕೊಟ್ಟಿದ್ದು, ಮತ್ತು ಎನ್‌ಎಫ್-2 ಎಂಬ ವಂಶಪಾರಂಪರ್ಯ ಕಾಯಿಲೆ. ಹೆಂಗಸರಲ್ಲಿ ಗಂಡಸರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು ಕಾಣುತ್ತದೆ. ಗಡ್ಡೆಯ ಕೋಶಗಳಲ್ಲಿ ಪ್ರೊಜೆಸ್ಟರಾನ್ ಹಾರ್ಮೋನಿಗೆ ಸ್ಪಂದಿಸುವ ಗುಣ ಇರುವುದು ಇದಕ್ಕೊಂದು ವಿವರಣೆ.

ನಿಮ್ಮ ತಂಗಿ ಹಾಕಿಸಿಕೊಳ್ಳುತ್ತಿದ್ದ ಸೂಜಿ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಅಂತರ’ ಎಂಬ ಹೆಸರಲ್ಲಿ ಕೊಡುವ ಮೆಡ್ರಾಕ್ಸಿಪ್ರೊಜೆಸ್ಟರಾನ್ ಇರಬೇಕು. ಫ್ರಾನ್ಸಿನಲ್ಲಿ ನಡೆದು 2024ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ, ಈ ಸೂಜಿಯನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಆಪರೇಷನ್ ಬೇಕಾಗುವ ಮೆನಿಂಜಿಯೋಮಾ ಐದು ಪಟ್ಟಿಗಿಂತ ಹೆಚ್ಚು ಕಂಡಿತೆಂದು ಹೇಳಿತು. ಮೂಲದಲ್ಲೇ ಬಹಳ ಅಪರೂಪದ ಗಡ್ಡೆಯಾದ್ದರಿಂದ ಐದು ಪಟ್ಟಾದರೂ ಸಂಖ್ಯೆ ಚಿಕ್ಕದೇ. ಹೆದರಿ ಎಲ್ಲರೂ ಸೂಜಿ ಬಿಡಬೇಕಾಗಿಲ್ಲ. ಆದರೆ ಮೆನಿಂಜಿಯೋಮಾ ಇದೆ ಎಂದು ಗೊತ್ತಾದ ಹೆಣ್ಣುಮಕ್ಕಳು ಅದನ್ನು ಮುಂದುವರಿಸಬಾರದು. ವೈದ್ಯರಿಗೆ ತಿಳಿಸಿ, ಕಾಪರ್-ಟಿಯಂಥ ಹಾರ್ಮೋನ್ ಇಲ್ಲದ ವಿಧಾನಕ್ಕೆ ಬದಲಾಯಿಸಿಕೊಳ್ಳಿ. ಈ ಸೂಜಿಯ ವಿಷಯವನ್ನು ನರರೋಗದ ಓಪಿಡಿಯಲ್ಲಿ ಕೇಳುವುದು ಕಡಿಮೆ, ಹಾಗಾಗಿ ನೀವೇ ಬಾಯಿಬಿಟ್ಟು ಹೇಳಿ.

ಮೊಬೈಲ್‌ನಿಂದ ಬಂತೇ ಎಂಬ ಪ್ರಶ್ನೆಯೂ ಬಹಳ ಬರುತ್ತದೆ. ಅದಕ್ಕೆ ಪುರಾವೆ ಇಲ್ಲ.

## ಸ್ಕ್ಯಾನ್, ರಕ್ತ, ಕಣ್ಣು

ಸಿಟಿ ಸ್ಕ್ಯಾನ್ ಆಗ್ಯಾದ, ರೊಕ್ಕ ಖರ್ಚಾಗ್ಯಾದ. ಮತ್ತ ಎಂಆರ್‌ಐ ಯಾಕ ಬೇಕು? ಅದೂ ಸೂಜಿ ಹಾಕಿ?

ಸಿಟಿಯಲ್ಲಿ ಗಡ್ಡೆ ‘ಇದೆ’ ಎಂದು ಗೊತ್ತಾಗುತ್ತದೆ. ಅದು ಯಾವ ನರಕ್ಕೆ ತಾಗಿದೆ, ಯಾವ ರಕ್ತನಾಳವನ್ನು ಸುತ್ತಿದೆ, ಸುತ್ತಲಿನ ಮೆದುಳು ಊದಿದೆಯೇ ಎಂಬುದು ತಿಳಿಯುವುದು ಎಂಆರ್‌ಐನಲ್ಲಿ. ಸಿಟಿಗೂ ತನ್ನದೇ ಉಪಯೋಗ ಇದೆ. ಗಡ್ಡೆಯಲ್ಲಿ ಸುಣ್ಣ ಕಟ್ಟಿದ್ದರೆ ಅದರಲ್ಲೇ ಚೆನ್ನಾಗಿ ಕಾಣುತ್ತದೆ, ಮತ್ತು ಸುಣ್ಣ ಕಟ್ಟಿದ ಮೆನಿಂಜಿಯೋಮಾ ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುವಂಥದ್ದು. ಆದ್ದರಿಂದ ಮಾಡಿಸಿದ ಸಿಟಿ ವ್ಯರ್ಥವಾಗಿಲ್ಲ.

ಸೂಜಿಯ ಮೂಲಕ ಕೊಡುವುದು ಗ್ಯಾಡೋಲಿನಿಯಂ ಎಂಬ ಕಾಂಟ್ರಾಸ್ಟ್ ದ್ರವ. ಮೆನಿಂಜಿಯೋಮಾ ಅದನ್ನು ಸಮನಾಗಿ ಹೀರಿಕೊಂಡು ಬೆಳ್ಳಗೆ ಹೊಳೆಯುತ್ತದೆ. ಪೊರೆಯ ಉದ್ದಕ್ಕೂ ಬಾಲದಂತೆ ಒಂದು ಗೆರೆ ಚಾಚಿಕೊಂಡಿರುವುದೂ ಕಾಣುತ್ತದೆ. ಪಿಟ್ಯುಟರಿಯಲ್ಲಿ ಇದು ತಲೆಕೆಳಗು. ಗ್ರಂಥಿ ಬೇಗ ಹೊಳೆಯುತ್ತದೆ, ಗಡ್ಡೆ ತಡವಾಗಿ. ಹಾಗಾಗಿ ಸಣ್ಣ ಗಡ್ಡೆ ಆ ಮೊದಲ ಒಂದೆರಡು ನಿಮಿಷ ಕಪ್ಪು ಚುಕ್ಕೆಯಂತೆ ಕಾಣುತ್ತದೆ. ಆ ಹೊತ್ತು ದಾಟಿದರೆ ಎರಡೂ ಒಂದೇ ಬಣ್ಣ.

ಇಲ್ಲೇ ಒಂದು ಸಾಮಾನ್ಯ ತಪ್ಪು ನಡೆಯುತ್ತದೆ. ಚೀಟಿಯಲ್ಲಿ ಬರೀ ‘ಎಂಆರ್‌ಐ ಬ್ರೇನ್’ ಎಂದು ಬರೆದಿದ್ದರೆ 5 ಮಿಲಿಮೀಟರ್ ದಪ್ಪದ ಹೋಳುಗಳಲ್ಲಿ ಇಡೀ ತಲೆಯ ಚಿತ್ರ ತೆಗೆಯುತ್ತಾರೆ. 4 ಮಿಲಿಮೀಟರಿನ ಪಿಟ್ಯುಟರಿ ಗಡ್ಡೆ ಎರಡು ಹೋಳುಗಳ ನಡುವೆ ಮರೆಯಾಗಿಬಿಡುತ್ತದೆ. ಚೀಟಿಯಲ್ಲಿ ‘ಪಿಟ್ಯುಟರಿ ಪ್ರೋಟೋಕಾಲ್, ಡೈನಾಮಿಕ್ ಕಾಂಟ್ರಾಸ್ಟ್ ಸಹಿತ’ ಎಂದು ಬರೆಸಿಕೊಳ್ಳಿ. ಆಗ 2ರಿಂದ 3 ಮಿಲಿಮೀಟರಿನ ತೆಳು ಹೋಳು ತೆಗೆಯುತ್ತಾರೆ. ಕಾಂಟ್ರಾಸ್ಟಿಗೆ ಮೊದಲು ಕಿಡ್ನಿಯ ಕ್ರಿಯಾಟಿನಿನ್ ನೋಡಬೇಕು, ಗರ್ಭಿಣಿಯಾಗಿದ್ದರೆ ಮೊದಲೇ ಹೇಳಬೇಕು. ಮುಗಿದ ಮೇಲೆ ಕೇವಲ ಫಿಲಂ ತೆಗೆದುಕೊಂಡು ಬರಬೇಡಿ, ಸಿಡಿ ಅಥವಾ ಪೆನ್‌ಡ್ರೈವ್‌ನಲ್ಲಿ ಪೂರ್ತಿ ಚಿತ್ರಗಳನ್ನು ಕೇಳಿ ಪಡೆಯಿರಿ. ವರ್ಷದ ನಂತರ ಹೋಲಿಸಿ ನೋಡಲು ಬೇಕಾಗುವುದು ಅದೇ.

ಪಿಟ್ಯುಟರಿ ಗಡ್ಡಿ ಅಂತ ಸ್ಕ್ಯಾನಿನ್ಯಾಗ ಗೊತ್ತಾಗ್ಯಾದ. ಇಷ್ಟೊಂದು ರಕ್ತ ಯಾಕ ತಗೀತಾರ?

ಒಂದೇ ತರಹ ಕಾಣುವ ಎರಡು ಗಡ್ಡೆಗಳಿಗೆ ಚಿಕಿತ್ಸೆ ಪೂರ್ತಿ ಬೇರೆಯಾಗಿರಬಹುದು. ಯಾವುದು ಎಂದು ಹೇಳುವುದು ರಕ್ತ. ಕನಿಷ್ಠ ಇಷ್ಟು ಬೇಕು: ಎದೆಹಾಲು ಬರಿಸುವ ಹಾರ್ಮೋನ್ ಆದ ಪ್ರೊಲ್ಯಾಕ್ಟಿನ್, ಬೆಳಿಗ್ಗೆ 8 ಗಂಟೆಗೆ ನೋಡುವ ಅಡ್ರಿನಲ್ ಗ್ರಂಥಿಯ ಹಾರ್ಮೋನ್ ಕಾರ್ಟಿಸಾಲ್, ಟಿಎಸ್‌ಎಚ್ ಜೊತೆಗೆ ಫ್ರೀ ಟಿ4, ಬೆಳವಣಿಗೆಯ ಹಾರ್ಮೋನ್ ಹೆಚ್ಚಿದೆಯೇ ಎಂದು ತೋರಿಸುವ ಐಜಿಎಫ್-1, ಮತ್ತು ಲೈಂಗಿಕ ಹಾರ್ಮೋನುಗಳು. ಉಂಗುರ ಬಿಗಿಯಾಗಿದೆ, ಚಪ್ಪಲಿ ಸೈಜು ದೊಡ್ಡದಾಗಿದೆ, ದವಡೆ ಮುಂದೆ ಬಂದಿದೆ ಎಂದರೆ ಐಜಿಎಫ್-1ನ್ನು ವಿಶೇಷವಾಗಿ ನೋಡಬೇಕು.

ಒಂದು ಉದಾಹರಣೆ ಹಿಡಿದು ನೋಡೋಣ. 45 ವರ್ಷದ ಟ್ರ್ಯಾಕ್ಟರ್ ಚಾಲಕ. ಪಿಟ್ಯುಟರಿಯಲ್ಲಿ 24 ಮಿಲಿಮೀಟರ್ ಗಡ್ಡೆ. ಪ್ರೊಲ್ಯಾಕ್ಟಿನ್ 68. ಗಂಡಸರಲ್ಲಿ ಇದು ಸುಮಾರು 20ರೊಳಗೆ ಇರಬೇಕು. ‘ಹೆಚ್ಚಿದೆ, ಗುಳಿಗೆಯಿಂದ ಕರಗುವ ಪ್ರೊಲ್ಯಾಕ್ಟಿನೋಮಾ’ ಎಂದು ಗುಳಿಗೆ ಶುರು ಮಾಡಿದರೆ ತಿಂಗಳುಗಟ್ಟಲೆ ಕಾಲ ಕಳೆದು ಕಣ್ಣು ಹಾಳಾಗುತ್ತದೆ. ಪ್ರೊಲ್ಯಾಕ್ಟಿನ್ ತಯಾರಿಸುವ ಗಡ್ಡೆಯೇ ಆಗಿದ್ದರೆ, ಅಷ್ಟು ದೊಡ್ಡ ಗಾತ್ರಕ್ಕೆ ಅಂಕಿ ಸಾಮಾನ್ಯವಾಗಿ 200 ದಾಟಿ, ಸಾವಿರಗಳಲ್ಲೂ ಇರುತ್ತದೆ. 68 ಬಂದಿರುವುದು ಗಡ್ಡೆ ಗ್ರಂಥಿಯ ತೊಟ್ಟನ್ನು ಒತ್ತಿದ್ದರಿಂದ. ಮೇಲಿನಿಂದ ಬರುವ ತಡೆ ತಪ್ಪಿ ಪ್ರೊಲ್ಯಾಕ್ಟಿನ್ ಸ್ವಲ್ಪ ಏರಿದೆ, ಅಷ್ಟೇ. ಈತನಿಗೆ ಬೇಕಿರುವುದು ಆಪರೇಷನ್.

ಇದಕ್ಕೆ ತದ್ವಿರುದ್ಧ ಮೋಸವೂ ಇದೆ. ಗಡ್ಡೆ 4 ಸೆಂಟಿಮೀಟರ್, ಪ್ರೊಲ್ಯಾಕ್ಟಿನ್ ಮಾತ್ರ 90 ಎಂದು ಬಂದರೆ, ಅಂಕಿ ವಿಪರೀತ ಹೆಚ್ಚಾಗಿ ಯಂತ್ರವೇ ತಪ್ಪು ಓದಿರಬಹುದು. ಅದೇ ರಕ್ತವನ್ನು 1:100 ತೆಳುವಾಗಿಸಿ ಮತ್ತೆ ನೋಡಲು ಲ್ಯಾಬಿಗೆ ಹೇಳಬೇಕು. ನಿಜವಾದ ಅಂಕಿ ಹಲವು ಸಾವಿರ ಎಂದು ಬಂದರೆ, ಆಗ ಗುಳಿಗೆಯೇ ಮೊದಲ ಚಿಕಿತ್ಸೆ.

ಹೊಟ್ಟೆಯ ಗ್ಯಾಸಿಗೆ, ವಾಂತಿಗೆ ಕೊಡುವ ಡೊಂಪೆರಿಡೋನ್, ಲೆವೋಸಲ್ಪಿರೈಡ್, ಮನೋರೋಗಕ್ಕೆ ಕೊಡುವ ರಿಸ್ಪೆರಿಡೋನ್ ಕೂಡ ಪ್ರೊಲ್ಯಾಕ್ಟಿನ್ ಏರಿಸುತ್ತವೆ. ಮೆಡಿಕಲ್ ಅಂಗಡಿಯಿಂದ ನೇರವಾಗಿ ತಂದು ನುಂಗಿದ ಆ್ಯಸಿಡಿಟಿ ಗುಳಿಗೆಗಳಲ್ಲಿ ಇವು ಸೇರಿಕೊಂಡಿರುತ್ತವೆ. ಹಾಗಾಗಿ ನುಂಗುತ್ತಿರುವ ಎಲ್ಲ ಗುಳಿಗೆಗಳ ಪಟ್ಟಿ, ಅಲ್ಲ, ಸ್ಟ್ರಿಪ್‌ಗಳನ್ನೇ ಚೀಲದಲ್ಲಿ ಹಾಕಿಕೊಂಡು ಬನ್ನಿ.

ಟಿಎಸ್‌ಎಚ್ 150 ಬಂದಾದ, ಪಿಟ್ಯುಟರಿನೂ ಉಬ್ಬ್ಯಾದ ಅಂತ. ಎರಡು ರೋಗ ಅವಾ ಏನು?

ಬಹುಶಃ ಒಂದೇ. ಥೈರಾಯ್ಡ್ ಗ್ರಂಥಿ ಬಹಳ ಕಾಲದಿಂದ ಕೆಲಸ ನಿಲ್ಲಿಸಿದ್ದರೆ, ಅದನ್ನು ಎಬ್ಬಿಸಲು ಪಿಟ್ಯುಟರಿ ಹಗಲಿರುಳು ದುಡಿದು ತಾನೇ ಊದಿಕೊಳ್ಳುತ್ತದೆ. ಸ್ಕ್ಯಾನಿನಲ್ಲಿ ಗಡ್ಡೆಯಂತೆಯೇ ಕಾಣುತ್ತದೆ, ಪ್ರೊಲ್ಯಾಕ್ಟಿನ್ ಕೂಡ ಸ್ವಲ್ಪ ಏರಿರುತ್ತದೆ. ಥೈರಾಕ್ಸಿನ್ ಗುಳಿಗೆ ಶುರು ಮಾಡಿ ಕೆಲವು ತಿಂಗಳ ನಂತರ ಮತ್ತೆ ಸ್ಕ್ಯಾನ್ ಮಾಡಿದರೆ ಉಬ್ಬು ಇಳಿದಿರುತ್ತದೆ. ಟಿಎಸ್‌ಎಚ್ ನೋಡದೆ ಇಂಥವರಿಗೆ ಆಪರೇಷನ್ ಮಾಡಿದರೆ, ಆರೋಗ್ಯವಾದ ಗ್ರಂಥಿಯನ್ನೇ ಕೆರೆದು ತೆಗೆದಂತಾಗುತ್ತದೆ. ಹರೆಯದ ಹುಡುಗಿಯರಲ್ಲಿ ಮುಟ್ಟು ನಿಂತಿದೆ, ಎತ್ತರ ಬೆಳೆಯುತ್ತಿಲ್ಲ, ಪಿಟ್ಯುಟರಿ ದಪ್ಪ ಇದೆ ಎಂದಾಗ ಇದನ್ನು ಮೊದಲು ನೆನಪಿಗೆ ತರಬೇಕು.

ಒಂದು ಎಚ್ಚರಿಕೆ: ನಿಜವಾದ ಪಿಟ್ಯುಟರಿ ಗಡ್ಡೆಯಿಂದ ಕಾರ್ಟಿಸಾಲ್, ಥೈರಾಯ್ಡ್ ಎರಡೂ ಕಡಿಮೆಯಾಗಿದ್ದರೆ ಮೊದಲು ಸ್ಟೀರಾಯ್ಡ್, ಆಮೇಲೆ ಥೈರಾಕ್ಸಿನ್. ಈ ಕ್ರಮ ತಪ್ಪಿದರೆ ದೇಹದಲ್ಲಿ ಉಳಿದಿದ್ದ ಅಲ್ಪಸ್ವಲ್ಪ ಕಾರ್ಟಿಸಾಲ್ ಬೇಗ ಖರ್ಚಾಗಿ ಬಿಪಿ ಕುಸಿಯಬಹುದು.

ಅಪ್ಪಗ ಎರಡು ಸಲ ಚಷ್ಮಾ ಬದಲಿ ಮಾಡಿಸೀವಿ, ಆದ್ರೂ ಸರಿ ಕಾಣಂಗಿಲ್ಲ ಅಂತಾನ. ಇದಕ್ಕೂ ಗಡ್ಡಿಗೂ ಸಂಬಂಧ ಏನು?

ನೇರ ಸಂಬಂಧ ಇದೆ. ಎರಡೂ ಕಣ್ಣಿನ ನರಗಳು ಪಿಟ್ಯುಟರಿಯ ಸರಿಯಾಗಿ ಮೇಲೆ ಒಂದನ್ನೊಂದು ದಾಟುತ್ತವೆ. ಗಡ್ಡೆ ಕೆಳಗಿನಿಂದ ಒತ್ತಿದಾಗ ಮೊದಲು ಹೋಗುವುದು ಎರಡೂ ಕಡೆಯ ಅಂಚಿನ ನೋಟ. ನೇರ ನೋಟ ಚೆನ್ನಾಗಿರುವುದರಿಂದ ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆ ಸಾಲಿನವರೆಗೆ ಓದುತ್ತಾರೆ. ‘ಕಣ್ಣು ಸರಿ ಇದೆ’ ಎಂದು ಕಳಿಸಿಬಿಡುತ್ತಾರೆ. ಮನೆಯಲ್ಲಿ ಮಾತ್ರ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಾರೆ, ಪಕ್ಕದಿಂದ ಬಂದ ಸೈಕಲ್ ಕಾಣಲಿಲ್ಲ ಎನ್ನುತ್ತಾರೆ, ಊಟಕ್ಕೆ ಕೂತಾಗ ತಟ್ಟೆಯ ಬದಿಯಲ್ಲಿಟ್ಟ ನೀರಿನ ಲೋಟ ಕೈ ತಾಗಿ ಉರುಳುತ್ತದೆ.

ಮನೆಯಲ್ಲೇ ಒಮ್ಮೆ ನೋಡಬಹುದು. ಒಂದು ಮೀಟರ್ ದೂರದಲ್ಲಿ ಎದುರುಬದುರು ಕೂತುಕೊಳ್ಳಿ. ಅವರು ಬಲಗಣ್ಣು ಮುಚ್ಚಲಿ, ನೀವು ನಿಮ್ಮ ಎಡಗಣ್ಣು ಮುಚ್ಚಿ. ಅವರು ನಿಮ್ಮ ತೆರೆದ ಕಣ್ಣನ್ನೇ ನೋಡುತ್ತಿರಲಿ. ಇಬ್ಬರ ನಡುವಿನ ದೂರದ ಮಧ್ಯದಲ್ಲಿ ನಿಮ್ಮ ಬೆರಳನ್ನು ಹೊರಗಿನಿಂದ ಒಳಗೆ ಆಡಿಸುತ್ತ ತನ್ನಿ. ನಿಮಗೆ ಬೆರಳು ಕಂಡ ಎಷ್ಟೋ ಹೊತ್ತಿನ ಮೇಲೆ ಅವರಿಗೆ ಕಂಡರೆ ನೋಟದ ಅಂಚು ಕುಗ್ಗಿದೆ. ಇನ್ನೊಂದು ಕಣ್ಣಿಗೂ ಹೀಗೇ ಮಾಡಿ. ಇದರಲ್ಲಿ ಸರಿ ಬಂದರೂ ಸಾಲದು. ಕಣ್ಣಿನ ಆಸ್ಪತ್ರೆಯಲ್ಲಿ ‘ಫೀಲ್ಡ್ ಟೆಸ್ಟ್’ ಅಥವಾ ಪೆರಿಮೆಟ್ರಿ ಎಂದು ಹೆಸರು ಹೇಳಿ ಮಾಡಿಸಿ. ಗಡ್ಡೆ ಕಣ್ಣಿನ ನರಕ್ಕೆ ತಾಗಿದೆ ಎಂದು ರಿಪೋರ್ಟ್ ಇದ್ದರೆ ಈ ಪರೀಕ್ಷೆ ಪದೇ ಪದೇ ಬೇಕಾಗುತ್ತದೆ. ಮೊದಲ ಕಾಗದವನ್ನು ಜೋಪಾನವಾಗಿಡಿ.

## ಕಾಯುವುದೋ, ಚಿಕಿತ್ಸೆಯೋ

ಗಡ್ಡಿ ಅದಾ ಅಂತೀರಿ, ಮತ್ತ ಆಪರೇಷನ್ ಬ್ಯಾಡ, ಆರು ತಿಂಗಳು ಬಿಟ್ಟು ಬರ್ರಿ ಅಂತೀರಿ. ಅಲ್ಲಿತನಕ ಬೆಳದ್ರ?

ಬಿದ್ದು ತಲೆಗೆ ಪೆಟ್ಟಾಗಿ ಸ್ಕ್ಯಾನ್ ಮಾಡಿಸಿದಾಗ ಅಕಸ್ಮಾತ್ ಕಂಡ, ಯಾವ ತೊಂದರೆಯೂ ಕೊಡದ ಸಣ್ಣ ಮೆನಿಂಜಿಯೋಮಾಗಳಲ್ಲಿ ಬಹಳಷ್ಟು ವರ್ಷಕ್ಕೆ ಒಂದೆರಡು ಮಿಲಿಮೀಟರ್ ಬೆಳೆಯುತ್ತವೆ, ಅಥವಾ ಬೆಳೆಯುವುದೇ ಇಲ್ಲ. ಅಂಥವನ್ನು ತೆಗೆಯುವ ಅಪಾಯ ಬಿಟ್ಟುಕೊಳ್ಳುವ ಅಪಾಯಕ್ಕಿಂತ ಹೆಚ್ಚಿರುತ್ತದೆ. ಸಾಮಾನ್ಯ ಕ್ರಮ ಹೀಗೆ: ಆರು ತಿಂಗಳಿಗೆ ಒಂದು ಎಂಆರ್‌ಐ, ಆಮೇಲೆ ಐದು ವರ್ಷ ವರ್ಷಕ್ಕೊಂದು, ನಂತರ ಎರಡು ವರ್ಷಕ್ಕೊಂದು. ಕಾಯುವುದು ಎಂದರೆ ಮರೆಯುವುದಲ್ಲ. ಸ್ಕ್ಯಾನಿನ ದಿನಾಂಕ ತಪ್ಪಿಸುವವರಿಗೆ ಈ ದಾರಿ ಸರಿಯಲ್ಲ.

ಲೆಕ್ಕ ಹೇಗೆ ಮಾಡುತ್ತೇವೆ ನೋಡಿ. 58 ವರ್ಷದ ಹೆಣ್ಣುಮಗಳು. ತಲೆಯ ಮೇಲ್ಭಾಗದಲ್ಲಿ, ಬುರುಡೆಗೆ ಅಂಟಿಕೊಂಡಂತೆ ಗಡ್ಡೆ. ಫಿಟ್ಸ್ ಇಲ್ಲ, ಮೆದುಳಿಗೆ ಊತ ಇಲ್ಲ. ಮೊದಲ ಸ್ಕ್ಯಾನಿನಲ್ಲಿ ಮೂರು ಅಳತೆ 18, 16, 15 ಮಿಲಿಮೀಟರ್. ಮೂರನ್ನೂ ಗುಣಿಸಿ ಎರಡರಿಂದ ಭಾಗಿಸಿದರೆ 2160 ಘನ ಮಿಲಿಮೀಟರ್, ಅಂದರೆ ಸುಮಾರು 2.2 ಸಿಸಿ. ಆರು ತಿಂಗಳಿಗೆ ಬರಬೇಕಾಗಿದ್ದವರು ಸುಗ್ಗಿ ಅಂತ ತಡಮಾಡಿ ಒಂದು ವರ್ಷಕ್ಕೆ ಬಂದರು. ಈಗ 20, 18, 17. ರಿಪೋರ್ಟ್ ‘ಎರಡು ಮಿಲಿಮೀಟರ್ ಹೆಚ್ಚಳ’ ಎನ್ನುತ್ತದೆ, ಓದಲು ಏನೂ ಅಲ್ಲ ಅನ್ನಿಸುತ್ತದೆ. ಆದರೆ ಗಾತ್ರ 3060 ಘನ ಮಿಲಿಮೀಟರ್, ಅಂದರೆ ಸುಮಾರು 40 ಶೇಕಡಾ ಹೆಚ್ಚು.

ಹಾಗಿದ್ದರೆ ತಕ್ಷಣ ಆಪರೇಷನ್ನೇ? ಇನ್ನೂ ಅಲ್ಲ. ಮೊದಲ ಸ್ಕ್ಯಾನ್ ಒಂದು ಕಡೆ, ಎರಡನೆಯದು ಇನ್ನೊಂದು ಕಡೆ ಮಾಡಿಸಿದ್ದರೆ, ಒಂದರಲ್ಲಿ ಹೋಳು 5 ಮಿಲಿಮೀಟರ್, ಇನ್ನೊಂದರಲ್ಲಿ 1 ಮಿಲಿಮೀಟರ್ ಇದ್ದರೆ, ಈ ಎರಡು ಮಿಲಿಮೀಟರ್ ಅಳತೆಯ ದೋಷವೇ ಆಗಿರಬಹುದು. ಎರಡೂ ಸಿಡಿಗಳನ್ನು ಒಂದೇ ಪರದೆಯಲ್ಲಿ ಪಕ್ಕಪಕ್ಕ ಇಟ್ಟು ಒಬ್ಬರೇ ಅಳೆಯಬೇಕು. ಮುಂದಿನ ಸ್ಕ್ಯಾನ್ ಅದೇ ಯಂತ್ರದಲ್ಲಿ, ಅದೇ ವಿಧಾನದಲ್ಲಿ, ಆರು ತಿಂಗಳಿಗೇ ಮಾಡಿಸಬೇಕು. ಆಗಲೂ 20, 18, 17 ಎಂದೇ ಬಂದರೆ ಗಡ್ಡೆ ನಿಂತಿದೆ, ಮತ್ತೆ ವರ್ಷಕ್ಕೊಂದಕ್ಕೆ ಮರಳಬಹುದು. 23, 20, 18 ಎಂದು ಬಂದರೆ 4140, ಅಂದರೆ 4 ಸಿಸಿ ದಾಟಿತು. ಬೆಳವಣಿಗೆ ಖಚಿತ. ಜಾಗ ಸುಲಭದ್ದು, ವಯಸ್ಸು ಇನ್ನೂ ಜಾಸ್ತಿಯಾಗಿಲ್ಲ, ಈಗಲೇ ತೆಗೆಯುವುದು ಒಳ್ಳೆಯದು ಎಂದು ಹೇಳುತ್ತೇವೆ. ಇದೇ ಗಡ್ಡೆ 80 ವರ್ಷದ, ಹೃದಯದ ತೊಂದರೆ ಇರುವ ಅಜ್ಜಿಯಲ್ಲಿದ್ದರೆ ಉತ್ತರ ಬೇರೆಯಾಗುತ್ತದೆ.

ಪಿಟ್ಯುಟರಿಯಲ್ಲಿ 10 ಮಿಲಿಮೀಟರಿಗಿಂತ ಚಿಕ್ಕದಾಗಿದ್ದು, ಹಾರ್ಮೋನ್ ಎಲ್ಲ ಸರಿ ಇದ್ದರೆ ವರ್ಷಕ್ಕೆ ಮರುಸ್ಕ್ಯಾನ್ ಸಾಕು. ಅದಕ್ಕಿಂತ ದೊಡ್ಡದಾದರೆ ಮೊದಲ ಮರುಸ್ಕ್ಯಾನ್ ಆರು ತಿಂಗಳಿಗೆ.

ಆಪರೇಷನ್ ಇಲ್ಲದ ಗುಳಗಿಯಿಂದ ಕರಗ್ತದೇನು?

ಪ್ರೊಲ್ಯಾಕ್ಟಿನೋಮಾ ಆಗಿದ್ದರೆ, ಹೌದು. ಕ್ಯಾಬರ್ಗೋಲಿನ್ ಎಂಬ ಗುಳಿಗೆ, ಸಾಮಾನ್ಯವಾಗಿ 0.25 ಮಿಲಿಗ್ರಾಂ ವಾರಕ್ಕೆ ಎರಡು ಸಲದಿಂದ ಆರಂಭ. ದಿನಕ್ಕೆ ಎರಡು ಸಲ ಅಲ್ಲ, ವಾರಕ್ಕೆ ಎರಡು ಸಲ. ಈ ಗೊಂದಲದಿಂದ ತೊಂದರೆಯಾಗುತ್ತದೆ, ಅದಕ್ಕೆ ‘ಸೋಮವಾರ, ಗುರುವಾರ’ ಎಂದು ಸ್ಟ್ರಿಪ್ ಮೇಲೇ ಬರೆದುಕೊಳ್ಳಿ. ರಾತ್ರಿ ಊಟದ ಮೇಲೆ ತೆಗೆದುಕೊಂಡರೆ ವಾಕರಿಕೆ, ತಲೆಸುತ್ತು ಕಡಿಮೆ. ದೃಷ್ಟಿ ಕಡಿಮೆಯಾಗಿದ್ದರೂ ಈ ಗಡ್ಡೆಗೆ ಗುಳಿಗೆಯೇ ಮೊದಲು, ಕೆಲವೊಮ್ಮೆ ದಿನಗಳಲ್ಲೇ ನೋಟ ತೆರೆದುಕೊಳ್ಳುತ್ತದೆ. ಕನಿಷ್ಠ ಎರಡು ವರ್ಷ ಬೇಕು. ಮುಟ್ಟು ಮರಳುವ ಮೊದಲೇ ಗರ್ಭ ನಿಲ್ಲಬಹುದು, ಗರ್ಭಿಣಿಯೆಂದು ಗೊತ್ತಾದ ಕೂಡಲೇ ವೈದ್ಯರಿಗೆ ತಿಳಿಸಿ. ಗುಳಿಗೆ ಶುರು ಮಾಡಿದ ಮೇಲೆ ಜೂಜು, ಖರೀದಿ, ಕಾಮದ ಹುಚ್ಚು ಹಿಡಿದಂತೆ ಸ್ವಭಾವ ಬದಲಾದರೆ ಮನೆಯವರು ನಾಚಿಕೆ ಪಡದೆ ಹೇಳಬೇಕು. ಅದು ಔಷಧದ ಪರಿಣಾಮ, ನಿಲ್ಲಿಸಿದರೆ ಹೋಗುತ್ತದೆ.

ಮೆನಿಂಜಿಯೋಮಾವನ್ನು ಕರಗಿಸುವ ಗುಳಿಗೆ ಇಲ್ಲ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟಾಗ ತಲೆನೋವು ಇಳಿಯುವುದು ಸುತ್ತಲಿನ ಊತ ಇಳಿಯುವುದರಿಂದ. ಗಡ್ಡೆ ಅಲ್ಲೇ ಇರುತ್ತದೆ. ‘ಆರಾಮಾಯ್ತು’ ಎಂದು ಆಪರೇಷನ್ ಮುಂದೂಡಿ ಅದೇ ಗುಳಿಗೆಯನ್ನು ತಿಂಗಳುಗಟ್ಟಲೆ ನುಂಗಿದವರು ಸಕ್ಕರೆ ಏರಿ, ಮುಖ ಊದಿ, ತೊಡೆಯ ಬಲ ಕಳೆದುಕೊಂಡು ಬರುತ್ತಾರೆ.

## ಆಪರೇಷನ್ ಮತ್ತು ಆಮೇಲೆ

ಮೂಗಿನ ಒಳಗಿಂದ ತಲಿ ಆಪರೇಷನ್ ಹ್ಯಾಂಗ ಮಾಡ್ತಾರ? ಮನಿಗಿ ಬಂದಮ್ಯಾಲ ಏನು ನೋಡ್ಕೋಬೇಕು?

ಪಿಟ್ಯುಟರಿ ಕೂತಿರುವ ಸಣ್ಣ ಗುಳಿಯೊಳಗೆ ಹೋಗಲು ಮೂಗಿನ ಹಿಂದಿನ ಗಾಳಿಗೂಡೇ ಬಾಗಿಲು. ಎಂಡೋಸ್ಕೋಪನ್ನು ಮೂಗಿನ ಹೊಳ್ಳೆಯಿಂದ ಒಯ್ದು, ಆ ಗೂಡಿನ ಹಿಂಗೋಡೆಯ ತೆಳು ಎಲುಬು ತೆಗೆದು, ಗಡ್ಡೆಯನ್ನು ಕೆರೆದು ಹೀರಿ ತೆಗೆಯುತ್ತಾರೆ. ಕೊನೆಗೆ ತೊಡೆಯ ಕೊಬ್ಬು ಅಥವಾ ಮೂಗಿನ ಒಳಪೊರೆಯಿಂದ ತೂತು ಮುಚ್ಚುತ್ತಾರೆ. ತಲೆ ಬೋಳಿಸುವುದಿಲ್ಲ, ಹೊರಗೆ ಹೊಲಿಗೆ ಇಲ್ಲ.

ಆ ಮುಚ್ಚಳ ಸೋರಿದರೆ ಮೆದುಳಿನ ನೀರು ಮೂಗಿನಿಂದ ಹನಿಯುತ್ತದೆ. ನೆಗಡಿಯಂತೆ ಅಂಟಾಗಿರುವುದಿಲ್ಲ. ನೀರಿನಂತೆ ತೆಳುವಾಗಿ, ಮುಂದಕ್ಕೆ ಬಗ್ಗಿದಾಗ ತೊಟ್ಟಿಕ್ಕುತ್ತದೆ, ಬಾಯಿಗೆ ಉಪ್ಪು ಎನ್ನಿಸುತ್ತದೆ. ಅದನ್ನು ಬಿಟ್ಟರೆ ಮೆದುಳಿನ ಪೊರೆಗೆ ಸೋಂಕು ಹತ್ತುತ್ತದೆ, ಅದೇ ದಿನ ಆಸ್ಪತ್ರೆಗೆ ಬರಬೇಕು. ವೈದ್ಯರು ಸಾಕು ಎನ್ನುವವರೆಗೆ, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ಜೋರಾಗಿ ಊದಿ ಸಿಂಬಳ ತೆಗೆಯಬೇಡಿ, ಸೀನು ಬಂದರೆ ಬಾಯಿ ತೆರೆದು ಸೀನಿ, ಕೊಡ ಎತ್ತಬೇಡಿ, ಮಲವಿಸರ್ಜನೆಗೆ ತಿಣುಕಬೇಡಿ.

ಎರಡನೆಯದು ನೀರಿನ ಲೆಕ್ಕ. ಮೊದಲ ದಿನಗಳಲ್ಲಿ ಗಂಟೆಗೆ 250 ಮಿಲಿಲೀಟರಿಗಿಂತ ಹೆಚ್ಚು ಮೂತ್ರ ಎರಡು ಮೂರು ಗಂಟೆ ಸತತವಾಗಿ ಹೋದರೆ, ಬಾಯಾರಿಕೆ ತಡೆಯಲಾಗದಿದ್ದರೆ, ನೀರು ಹಿಡಿದಿಡುವ ಹಾರ್ಮೋನ್ ಕಡಿಮೆಯಾಗಿದೆ ಎಂದರ್ಥ. ಅದರ ಬದಲಿಗೆ ಡೆಸ್ಮೋಪ್ರೆಸಿನ್ ಎಂಬ ಔಷಧ ಬೇಕಾಗುತ್ತದೆ. ಇದಕ್ಕೆ ವಿರುದ್ಧವಾದದ್ದು ಒಂದು ವಾರದ ಹೊತ್ತಿಗೆ, ಮನೆಗೆ ಹೋದ ಮೇಲೆ ಬರುತ್ತದೆ. ಆಗ ಆ ಹಾರ್ಮೋನ್ ಹೆಚ್ಚು ಸುರಿದು ಸೋಡಿಯಂ ಕುಸಿಯುತ್ತದೆ. ವಾಕರಿಕೆ, ತಲೆನೋವು, ಮಂಕು, ಕೊನೆಗೆ ಫಿಟ್ಸ್. ನಮ್ಮ ಬೇಸಿಗೆಯಲ್ಲಿ ‘ಬಿಸಲು ಭಾಳ ಅದ, ನೀರು ಕುಡಿ ನೀರು ಕುಡಿ’ ಎಂದು ಮನೆಯವರು ಒತ್ತಾಯಿಸಿ ಕುಡಿಸಿದಷ್ಟೂ ಸೋಡಿಯಂ ಇನ್ನೂ ಕೆಳಗಿಳಿಯುತ್ತದೆ. ಬಾಯಾರಿದಷ್ಟೇ ಕುಡಿಯಲಿ, ಡಿಸ್ಚಾರ್ಜ್ ಚೀಟಿಯಲ್ಲಿ ಮಿತಿ ಬರೆದಿದ್ದರೆ ಅದನ್ನೇ ಪಾಲಿಸಿ. ಆಪರೇಷನ್ ಆದ ಏಳನೇ ದಿನದ ಹೊತ್ತಿಗೆ ಸೋಡಿಯಂ ಪರೀಕ್ಷೆ ತಾಲ್ಲೂಕಿನ ಲ್ಯಾಬಿನಲ್ಲೇ ಮಾಡಿಸಿ, ಫಲಿತಾಂಶದ ಫೋಟೋ ಆಪರೇಷನ್ ಮಾಡಿದ ತಂಡಕ್ಕೆ ಕಳಿಸಿ.

ಮೆನಿಂಜಿಯೋಮಾ ಪೂರಾ ತಗದಿಲ್ಲ, ಸ್ವಲ್ಪ ಬಿಟ್ಟೀವಿ ಅಂತ ಡಾಕ್ಟರು ಅಂದಾರ. ಯಾಕ ಬಿಟ್ರು?

ಬೇಕೆಂದೇ ಬಿಟ್ಟಿರುತ್ತಾರೆ. ಗಡ್ಡೆಯನ್ನೂ, ಅದು ಅಂಟಿಕೊಂಡ ಪೊರೆಯನ್ನೂ, ಎಲುಬನ್ನೂ ಪೂರ್ತಿ ತೆಗೆದರೆ ಮರಳಿ ಬರುವುದು ಕಡಿಮೆ. ಎಷ್ಟು ತೆಗೆದಿದ್ದಾರೆ ಎನ್ನುವುದನ್ನು 1957ರಿಂದ ‘ಸಿಂಪ್ಸನ್ ಗ್ರೇಡ್’ ಎಂದು ಒಂದರಿಂದ ಐದರವರೆಗೆ ಬರೆಯುತ್ತಾರೆ, ಡಿಸ್ಚಾರ್ಜ್ ಸಾರಾಂಶದಲ್ಲಿ ಅದನ್ನು ಬರೆಸಿಕೊಳ್ಳಿ. ಆದರೆ ಗಡ್ಡೆ ದೊಡ್ಡ ರಕ್ತನಾಳದ ಗೋಡೆಗೆ ಬೇರು ಬಿಟ್ಟಿದ್ದರೆ, ಅಥವಾ ಕಣ್ಣು ಹೊರಳಿಸುವ ನರಗಳ ನಡುವೆ ನುಸುಳಿದ್ದರೆ, ಆ ಕೊನೆಯ ಚೂರಿಗಾಗಿ ಕೈಕಾಲಿನ ಬಲವನ್ನೋ ಕಣ್ಣನ್ನೋ ಕಳೆದುಕೊಳ್ಳುವುದು ತಪ್ಪು. ಬಿಟ್ಟ ಚೂರು ಬೆಳೆಯದೆ ಇದ್ದರೆ ಸ್ಕ್ಯಾನ್ ಸಾಕು. ಬೆಳೆದರೆ, 3 ಸೆಂಟಿಮೀಟರಿನೊಳಗೆ ಇದ್ದು ಕಣ್ಣಿನ ನರದಿಂದ ಎರಡು ಮೂರು ಮಿಲಿಮೀಟರ್ ದೂರ ಇದ್ದರೆ, ಗಾಮಾ ನೈಫ್‌ನಂಥ ರೇಡಿಯೋಸರ್ಜರಿ, ಅಂದರೆ ತಲೆ ತೆರೆಯದೆ ಗಡ್ಡೆಗೆ ಗುರಿಯಿಟ್ಟು ರೇಡಿಯೇಷನ್, ಕೊಡಬಹುದು. ಅದರಿಂದ ಗಡ್ಡೆ ಮಾಯವಾಗುವುದಿಲ್ಲ, ಬೆಳವಣಿಗೆ ನಿಲ್ಲುತ್ತದೆ. ‘ರೇಡಿಯೇಷನ್ ಆದ್ರೂ ಸ್ಕ್ಯಾನಿನ್ಯಾಗ ಗಡ್ಡಿ ಹಾಂಗೇ ಅದ’ ಎಂದು ಬೇಸರ ಪಡಬೇಡಿ. ಹಾಗೇ ಇರುವುದೇ ಒಳ್ಳೆಯ ಫಲಿತಾಂಶ.

ಪಿಟ್ಯುಟರಿ ಆಪರೇಷನ್ ಆಗಿ ಸ್ಟೀರಾಯ್ಡ್ ಗುಳಗಿ ಕೊಟ್ಟಾರ. ಶ್ರಾವಣದ ಉಪವಾಸ, ರೋಜಾ ಮಾಡಬಹುದೇನು? ಗುಳಗಿ ಬಿಟ್ರ ಏನಾಗ್ತದ?

ಇದು ಮೈ ಊದಿಸುವ ದೊಡ್ಡ ಪ್ರಮಾಣದ ಸ್ಟೀರಾಯ್ಡ್ ಅಲ್ಲ. ದೇಹ ತಾನೇ ಮಾಡಬೇಕಿದ್ದ ಕಾರ್ಟಿಸಾಲನ್ನು ನಾವು ಹೊರಗಿನಿಂದ ತುಂಬುತ್ತಿದ್ದೇವೆ. ಸಾಮಾನ್ಯವಾಗಿ ಹೈಡ್ರೋಕಾರ್ಟಿಸೋನ್ ದಿನಕ್ಕೆ 15ರಿಂದ 20 ಮಿಲಿಗ್ರಾಂ, ದೊಡ್ಡ ಪಾಲು ಎದ್ದ ಕೂಡಲೇ. ಇದನ್ನು ಒಮ್ಮೆಲೇ ಬಿಟ್ಟರೆ ಒಂದೆರಡು ದಿನಗಳಲ್ಲಿ ಸುಸ್ತು, ವಾಂತಿ, ಬಿಪಿ ಕುಸಿತ, ಪ್ರಾಣಕ್ಕೇ ಅಪಾಯ. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆ ದಿನಗಳಲ್ಲಿ ಪ್ರಮಾಣ ಎರಡರಷ್ಟು. ವಾಂತಿಯಾಗಿ ಗುಳಿಗೆ ನಿಲ್ಲದಿದ್ದರೆ ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ಸೂಜಿ ಬೇಕು, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಡಿಸ್ಚಾರ್ಜ್ ಚೀಟಿ ತೋರಿಸಿ. ಸಣ್ಣ ಊರಿನ ಮೆಡಿಕಲ್‌ನಲ್ಲಿ ಈ ಗುಳಿಗೆ ತಕ್ಷಣ ಸಿಗದೆ ಹೋಗಬಹುದು, ಎರಡು ವಾರದಷ್ಟು ಮನೆಯಲ್ಲಿ ಹೆಚ್ಚುವರಿ ಇಡಿ.

ಉಪವಾಸದ ದಿನವೂ ಗುಳಿಗೆ ತಪ್ಪಬಾರದು. ಒಂದು ಹೊತ್ತಿನ ಉಪವಾಸಕ್ಕೆ ಬಹಳ ಸಲ ಹೊಂದಿಸಬಹುದು. ನೀರೂ ಕುಡಿಯದ ರೋಜಾ, ಅದರಲ್ಲೂ ಡೆಸ್ಮೋಪ್ರೆಸಿನ್ ತೆಗೆದುಕೊಳ್ಳುವವರಿಗೆ, ಅಪಾಯದ್ದು. ಹಬ್ಬದ ಒಂದು ತಿಂಗಳು ಮೊದಲೇ ವೈದ್ಯರ ಹತ್ತಿರ ಮಾತಾಡಿ. ಗುಳಿಗೆ ಜೀವನಪೂರ್ತಿ ಬೇಕೇ ಎಂಬುದು ಕೆಲವು ವಾರಗಳ ನಂತರ, ಗುಳಿಗೆ ನುಂಗುವ ಮೊದಲು ಬೆಳಿಗ್ಗೆ ತೆಗೆದ ಕಾರ್ಟಿಸಾಲ್‌ನಿಂದ ತಿಳಿಯುತ್ತದೆ. ಎಷ್ಟೋ ಜನರಿಗೆ ನಿಲ್ಲಿಸಬಹುದು.

ಎಂಥಾ ತೊಂದ್ರಿ ಬಂದ್ರ ಬೆಳಗಾಗೂತನಕ ಕಾಯಬಾರದು?

ಪಿಟ್ಯುಟರಿ ಗಡ್ಡೆ ಇದ್ದವರಿಗೆ ಸಿಡಿಲು ಬಡಿದಂತೆ ತಲೆನೋವು, ವಾಂತಿ, ನೋಟ ಮಂಜಾಗುವುದು, ರೆಪ್ಪೆ ಜೋಲುವುದು, ಒಂದು ಎರಡಾಗಿ ಕಾಣುವುದು: ಗಡ್ಡೆಯೊಳಗೆ ರಕ್ತ ಒಸರಿದೆ. ಇದನ್ನು ಮೈಗ್ರೇನ್ ಎಂದು ನೋವಿನ ಸೂಜಿ ಹಾಕಿ ಕಳಿಸಿದರೆ ಕಣ್ಣು ಹೋಗುತ್ತದೆ. ಮೊದಲ ಆಸ್ಪತ್ರೆಯಲ್ಲೇ ‘ಪಿಟ್ಯುಟರಿ ಗಡ್ಡೆ ಇದೆ’ ಎಂದು ಹೇಳಿ, ಸ್ಕ್ಯಾನ್ ತೋರಿಸಿ. ಹೈಡ್ರೋಕಾರ್ಟಿಸೋನ್ ಸೂಜಿ ಅಲ್ಲೇ ಕೊಟ್ಟು ಆಮೇಲೆ ಮುಂದೆ ಕಳಿಸಬೇಕು. ಮೆನಿಂಜಿಯೋಮಾ ಇದ್ದವರಿಗೆ ಐದು ನಿಮಿಷ ದಾಟಿದ ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು, ಒಂದು ಕೈಕಾಲು ಸೋಲುವುದು ಇದೇ ಸಾಲಿನವು. 108ಕ್ಕೆ ಫೋನ್ ಮಾಡಿ.

ಕಲಬುರಗ್ಯಾಗ ಮಾಡಸ್ಬೇಕೋ, ಹೈದರಾಬಾದಿಗಿ ಹೋಗಬೇಕೋ? ಕಾರ್ಡಿನ್ಯಾಗ ಆಗ್ತದೇನು?

ಊರಿಗಿಂತ ತಂಡ ನೋಡಿ. ಪಿಟ್ಯುಟರಿಗಾದರೆ ಮೂಗಿನ ಮೂಲಕ ಎಂಡೋಸ್ಕೋಪಿಕ್ ಆಪರೇಷನ್ ನಿಯಮಿತವಾಗಿ ಮಾಡುವ ನ್ಯೂರೋಸರ್ಜನ್, ಜೊತೆಗೆ ಇಎನ್‌ಟಿ ವೈದ್ಯರು, ಹಾರ್ಮೋನ್ ತಜ್ಞರು ಇದ್ದಾರೆಯೇ, ವರ್ಷಕ್ಕೆ ಎಷ್ಟು ಮಾಡುತ್ತಾರೆ ಎಂದು ಕೇಳಿ. ಹೀಗೆ ಕೇಳುವುದು ಅವಮಾನ ಅಲ್ಲ, ಒಳ್ಳೆಯ ವೈದ್ಯರು ಉತ್ತರ ಕೊಡುತ್ತಾರೆ. ಆರು ತಿಂಗಳ ಸ್ಕ್ಯಾನ್, ಸೋಡಿಯಂ, ಕಣ್ಣಿನ ಫೀಲ್ಡ್ ಪರೀಕ್ಷೆಗಳನ್ನು ಹತ್ತಿರದಲ್ಲೇ ಮಾಡಿಸಿಕೊಂಡು, ಆಪರೇಷನ್ನಿಗೆ ಮಾತ್ರ ದೂರ ಹೋಗುವುದೂ ಸರಿಯಾದ ದಾರಿಯೇ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಶೇಕಡಾ, 1.5 ಲಕ್ಷದ ಮಿತಿಯಲ್ಲಿ. ತುರ್ತು ಅಲ್ಲದ ದೊಡ್ಡ ಆಪರೇಷನ್ನಿಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್‌ಗೆ ಮೊದಲು ಹೋಗಿ ಆ ಚೀಟಿ ಮಾಡಿಸಿಕೊಂಡೇ ಹೊರಡಿ. ಅಡ್ಮಿಟ್ ಆದ ಮೇಲೆ ರೆಫರಲ್ ತರಲು ವಾಪಸ್ ಬರುವುದು ಬಹಳ ಕಷ್ಟ. ಬೇರೆ ರಾಜ್ಯದ ಆಸ್ಪತ್ರೆಯಾದರೆ ನಿಮ್ಮ ಕಾರ್ಡಿಗೆ ಆ ಪ್ಯಾಕೇಜ್ ಅಲ್ಲಿ ಸಿಗುತ್ತದೆಯೇ ಎಂದು ಆಸ್ಪತ್ರೆಯ ಯೋಜನಾ ಕೌಂಟರಿನಲ್ಲಿ ಫೋನ್ ಮಾಡಿ ಕೇಳಿ, ಆಮೇಲೆ ಗಾಡಿ ಹತ್ತಿ. ಜೊತೆಗೆ ಒಯ್ಯಬೇಕಾದ್ದು: ಎಲ್ಲ ಸ್ಕ್ಯಾನ್‌ಗಳ ಸಿಡಿ, ರಕ್ತದ ಮೂಲ ರಿಪೋರ್ಟ್, ಫೀಲ್ಡ್ ಟೆಸ್ಟ್ ಕಾಗದ, ನುಂಗುತ್ತಿರುವ ಗುಳಿಗೆಗಳ ಸ್ಟ್ರಿಪ್‌ಗಳು.